ಎರಡು ಗುಂಡು ಬಿಟ್ಟರೆ ಎರಡೇ ಗುಂಡು ಹಾರುವುದೇಕೆ? ‘ಸಂವೇಗ ಸಂರಕ್ಷಣೆ’ ಎಂಬ ಉತ್ತರ ಅರ್ಧ ಸತ್ಯ

ಸಾಲಾಗಿ ದಾರದಲ್ಲಿ ನೇತುಹಾಕಿದ ಐದು ಉಕ್ಕಿನ ಗುಂಡುಗಳ ವಿಡಿಯೋ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಒಂದು ತುದಿಯ ಗುಂಡನ್ನು ಎತ್ತಿ ಬಿಟ್ಟರೆ ಇನ್ನೊಂದು ತುದಿಯಿಂದ ಒಂದು ಗುಂಡು ಹಾರುತ್ತದೆ. ಎರಡು ಬಿಟ್ಟರೆ ಎರಡು, ಮೂರು ಬಿಟ್ಟರೆ ಮೂರು. ಈ ಆಟಿಕೆಯ ಹೆಸರು ‘ನ್ಯೂಟನ್ಸ್ ಕ್ರೇಡಲ್’, ಅಂದರೆ ನ್ಯೂಟನ್ನನ ತೊಟ್ಟಿಲು. ವಿಡಿಯೋ ಜೊತೆ ಸಾಮಾನ್ಯವಾಗಿ ಒಂದು ವಿವರಣೆಯೂ ಇರುತ್ತದೆ: “ಇದಕ್ಕೆ ಕಾರಣ ಸಂವೇಗ ಸಂರಕ್ಷಣಾ ನಿಯಮ.”

ಈ ವಿವರಣೆ ತಪ್ಪಲ್ಲ. ಆದರೆ ಇಷ್ಟೇ ಹೇಳಿದರೆ ಸಾಲದು. ಸಂವೇಗ ಎಂದರೆ ರಾಶಿ ಗುಣಿಸು ವೇಗ. ಎರಡು ಗುಂಡುಗಳು ಒಂದೊಂದೂ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಬಂದು ಬಡಿದವು ಎಂದುಕೊಳ್ಳಿ. ಆ ಕಡೆಯಿಂದ ಒಂದೇ ಗುಂಡು ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಹಾರಿದರೂ ಸಂವೇಗದ ಲೆಕ್ಕ ಸರಿಹೋಗುತ್ತದೆ. ಎರಡರ ಒಂದು ಪಟ್ಟು, ಒಂದರ ಎರಡು ಪಟ್ಟು, ಎರಡೂ ಒಂದೇ. ಆದರೂ ಹಾಗೆ ಒಂದು ಸಲವೂ ಆಗುವುದಿಲ್ಲ. ಏಕೆ?

ಕೇರಂ ಬೋರ್ಡ್ ಮೇಲೆ ಲೆಕ್ಕ ಹಾಕೋಣ

ಐದು ಗುಂಡುಗಳಿಗಿಂತ ಎರಡೇ ವಸ್ತುಗಳ ಡಿಕ್ಕಿಯನ್ನು ಅರ್ಥಮಾಡಿಕೊಳ್ಳುವುದು ಸುಲಭ. ಕೇರಂ ಸ್ಟ್ರೈಕರ್ ಸುಮಾರು 15 ಗ್ರಾಂ ತೂಗುತ್ತದೆ, ಕಾಯಿನ್ ಸುಮಾರು 5 ಗ್ರಾಂ. ಅಂದರೆ ಸ್ಟ್ರೈಕರ್ ಮೂರು ಪಟ್ಟು ಭಾರ. ಲೆಕ್ಕಕ್ಕೆ ಸ್ಟ್ರೈಕರ್‌ನ ರಾಶಿ 3, ಕಾಯಿನ್‌ನದು 1 ಎಂದಿಟ್ಟುಕೊಳ್ಳೋಣ. ಸ್ಟ್ರೈಕರ್ 2 ಮೀಟರ್ ವೇಗದಲ್ಲಿ ಬಂದು ನಿಂತಿರುವ ಕಾಯಿನ್‌ಗೆ ಸರಿಯಾಗಿ ನಡುವಿಗೇ ಹೊಡೆಯುತ್ತದೆ. ಎರಡೂ ಒಂದೇ ಗೆರೆಯಲ್ಲಿ ಚಲಿಸುತ್ತವೆ. ಇದೇ ‘ಏಕ ಆಯಾಮದ ಡಿಕ್ಕಿ’.

ಮೊದಲಿನ ಸಂವೇಗ 3 × 2 = 6. ಡಿಕ್ಕಿಯ ನಂತರವೂ ಮೊತ್ತ 6 ಇರಬೇಕು. ಇದೊಂದೇ ನಿಯಮ ಇದ್ದರೆ ಎಷ್ಟೋ ಉತ್ತರಗಳು ಸಿಗುತ್ತವೆ. ಎರಡೂ ಅಂಟಿಕೊಂಡು 1.5ರ ವೇಗದಲ್ಲಿ ಹೋಗಬಹುದು (4.5 + 1.5 = 6). ಸ್ಟ್ರೈಕರ್ 1, ಕಾಯಿನ್ 3ರ ವೇಗದಲ್ಲಿ ಹೋಗಬಹುದು (3 + 3 = 6). ಸ್ಟ್ರೈಕರ್ ಅಲ್ಲೇ ನಿಂತು ಕಾಯಿನ್ 6ರ ವೇಗದಲ್ಲಿ ಚಿಮ್ಮಬಹುದು (0 + 6 = 6). ಸಂವೇಗದ ದೃಷ್ಟಿಯಲ್ಲಿ ಈ ಮೂರೂ ಸರಿ.

ಈಗ ಚಲನಶಕ್ತಿಯನ್ನು ನೋಡೋಣ. ರಾಶಿ × ವೇಗ × ವೇಗ, ಅದರ ಅರ್ಧ. ಆ ಅರ್ಧ ಎಲ್ಲ ಕಡೆಯೂ ಬರುವುದರಿಂದ ಹೋಲಿಕೆಗೆ ಅದನ್ನು ಬಿಟ್ಟುಬಿಡೋಣ. ಮೊದಲು ಇದ್ದದ್ದು 3 × 2 × 2 = 12. ಅಂಟಿಕೊಂಡು ಹೋದರೆ 4 × 1.5 × 1.5 = 9, ಅಂದರೆ 3 ಕಡಿಮೆ. ಸ್ಟ್ರೈಕರ್ ನಿಂತು ಕಾಯಿನ್ 6ರಲ್ಲಿ ಚಿಮ್ಮಿದರೆ 36! ಇದ್ದದ್ದರ ಮೂರು ಪಟ್ಟು. ಅಷ್ಟು ಶಕ್ತಿ ಎಲ್ಲಿಂದ ಬರಬೇಕು? ಕಾಯಿನ್ ಒಳಗೆ ಪಟಾಕಿ ಇಟ್ಟಿದ್ದರೆ ಮಾತ್ರ ಸಾಧ್ಯ. ನಡುವಿನ ಉತ್ತರದಲ್ಲಿ 3 × 1 × 1 + 1 × 3 × 3 = 12. ಸರಿಯಾಗಿ ಹೊಂದುತ್ತದೆ.

ಹಾಗಾದರೆ ಚಲನಶಕ್ತಿಯ ನಿಯಮ ಒಂದೇ ಸಾಕಲ್ಲವೇ? ಸಾಲದು. ಸ್ಟ್ರೈಕರ್ ಅದೇ 2ರ ವೇಗದಲ್ಲಿ ನಿಮ್ಮ ಕಡೆಗೆ ವಾಪಸ್ ಬಂತು, ಕಾಯಿನ್ ಮಿಸುಕಲೇ ಇಲ್ಲ ಎಂದುಕೊಳ್ಳಿ. ಚಲನಶಕ್ತಿ ಆಗಲೂ 12. ಏಕೆಂದರೆ ವೇಗವನ್ನು ಅದರಿಂದಲೇ ಗುಣಿಸಿದಾಗ ದಿಕ್ಕು ಅಳಿಸಿಹೋಗುತ್ತದೆ. ಸಂವೇಗಕ್ಕೆ ಮಾತ್ರ ದಿಕ್ಕು ಗೊತ್ತು: ಹಿಮ್ಮುಖ ವೇಗಕ್ಕೆ ಅದು −6 ಎನ್ನುತ್ತದೆ, ಆ ಉತ್ತರವನ್ನು ತಳ್ಳಿಹಾಕುತ್ತದೆ. ಗೊತ್ತಿಲ್ಲದ ವೇಗಗಳು ಎರಡು, ಹಾಗಾಗಿ ನಿಯಮಗಳೂ ಎರಡು ಬೇಕು.

ಎರಡನ್ನೂ ಸೇರಿಸಿ ಬಿಡಿಸಿದರೂ ಇನ್ನೊಂದು ಉತ್ತರ ಉಳಿಯುತ್ತದೆ: ಸ್ಟ್ರೈಕರ್ 2, ಕಾಯಿನ್ 0. ಅಂದರೆ ಡಿಕ್ಕಿಯೇ ಆಗಿಲ್ಲ! ಗಣಿತಕ್ಕೆ ಅದೂ ಸಮ್ಮತವೇ. ಸ್ಟ್ರೈಕರ್ ಕಾಯಿನ್‌ನೊಳಗೆ ತೂರಿ ಹೋಗಲಾರದು ಎನ್ನುವುದನ್ನು ನಾವೇ ಹೇಳಿಕೊಟ್ಟು ಅದನ್ನು ಬಿಡಬೇಕು. ಆಗ ಉಳಿಯುವುದು 1 ಮತ್ತು 3 ಮಾತ್ರ. ಇಲ್ಲೊಂದು ಸೊಗಸಾದ ಸಂಗತಿಯಿದೆ. ಡಿಕ್ಕಿಗೆ ಮೊದಲು ಎರಡೂ ಒಂದನ್ನೊಂದು ಸಮೀಪಿಸುತ್ತಿದ್ದ ವೇಗ 2, ನಂತರ ದೂರವಾಗುವ ವೇಗ 3 − 1 = 2. ರಾಶಿ ಎಷ್ಟೇ ಇರಲಿ, ಚಲನಶಕ್ತಿ ಪೂರ್ತಿ ಉಳಿಯುವ ‘ಸ್ಥಿತಿಸ್ಥಾಪಕ ಡಿಕ್ಕಿ’ಯಲ್ಲಿ ಇವೆರಡೂ ಸಮವಾಗಿಯೇ ಇರುತ್ತವೆ.

ನಿಜವಾದ ಬೋರ್ಡ್ ಮೇಲೆ ಹೀಗೇ ಆಗುತ್ತದೆಯೇ? ಪೂರ್ತಿ ಹೀಗಲ್ಲ. ಹೊಡೆದಾಗ ಕೇಳುವ ‘ಟಕ್’ ಸದ್ದೇ ಸ್ವಲ್ಪ ಶಕ್ತಿ ಸೋರಿದ್ದಕ್ಕೆ ಸಾಕ್ಷಿ, ಇನ್ನಷ್ಟು ಬಿಸಿಯಾಗಿ ಹೋಗುತ್ತದೆ. ದೂರವಾಗುವ ವೇಗ 2ರ ಬದಲು 1.6 ಇದೆ ಎಂದುಕೊಂಡರೆ ಸ್ಟ್ರೈಕರ್ 1.1, ಕಾಯಿನ್ 2.7ರ ವೇಗ ಪಡೆಯುತ್ತವೆ. ಸಂವೇಗ ಆಗಲೂ 3.3 + 2.7 = 6. ಚಲನಶಕ್ತಿ ಮಾತ್ರ 12ರಿಂದ 10.92ಕ್ಕೆ ಇಳಿಯುತ್ತದೆ. ಎರಡು ನಿಯಮಗಳ ನಡುವಿನ ವ್ಯತ್ಯಾಸ ಇಲ್ಲೇ ಇದೆ. ಡಿಕ್ಕಿ ಎಂಥದ್ದೇ ಆಗಿರಲಿ, ಹೊರಗಿನ ಬಲ ಅಡ್ಡಬರದಿದ್ದರೆ ಸಂವೇಗ ಉಳಿಯುತ್ತದೆ. ಚಲನಶಕ್ತಿ ಉಳಿಯುವುದು ಸ್ಥಿತಿಸ್ಥಾಪಕ ಡಿಕ್ಕಿಯಲ್ಲಿ ಮಾತ್ರ.

ಇದನ್ನು ನೀವೇ ಪರೀಕ್ಷಿಸಬಹುದು. ಬೋರ್ಡ್ ಮೇಲೊಂದು ಸ್ಕೇಲ್ ಇಟ್ಟು, ಮೊಬೈಲ್‌ನ ಸ್ಲೋ ಮೋಷನ್‌ನಲ್ಲಿ ಮೇಲಿನಿಂದ ವಿಡಿಯೋ ಮಾಡಿ. ಡಿಕ್ಕಿಗೆ ಸ್ವಲ್ಪ ಮೊದಲು ಮತ್ತು ಆದ ಕೂಡಲೇ ಸಮಾನ ಫ್ರೇಮ್‌ಗಳಲ್ಲಿ ಎಷ್ಟೆಷ್ಟು ದೂರ ಸಾಗಿದವು ಎಂದು ನೋಡಿ. ತಡಮಾಡಿದರೆ ಬೋರ್ಡ್‌ನ ಘರ್ಷಣೆ ಲೆಕ್ಕ ಕೆಡಿಸುತ್ತದೆ. ಕಾಯಿನ್ ಓರೆಯಾಗಿ ಹೋಗಿದ್ದರೆ ಆ ಹೊಡೆತವನ್ನು ಬಿಟ್ಟುಬಿಡಿ, ಅದು ಒಂದೇ ಗೆರೆಯ ಡಿಕ್ಕಿಯಲ್ಲ.

ಮತ್ತೆ ಗುಂಡುಗಳ ಕಡೆಗೆ

ಈಗ ಮೊದಲಿನ ಪ್ರಶ್ನೆಗೆ ಉತ್ತರ ಸುಲಭ. ಎರಡು ಗುಂಡು 1ರ ವೇಗದಲ್ಲಿ ಬಂದರೆ ಚಲನಶಕ್ತಿ 1 + 1 = 2. ಒಂದೇ ಗುಂಡು 2ರ ವೇಗದಲ್ಲಿ ಹಾರಿದರೆ 4. ಶಕ್ತಿ ದುಪ್ಪಟ್ಟಾಗಬೇಕು, ಹಾಗಾಗಿ ಅದು ಅಸಾಧ್ಯ. ಒಂದು ಗುಂಡು ಬಿಟ್ಟಾಗ ಎರಡು ಗುಂಡು ಅರ್ಧರ್ಧ ವೇಗದಲ್ಲಿ ಹೋಗಬಾರದೇ ಎಂದರೆ, ಆಗ ಅರ್ಧ ಶಕ್ತಿ ಮಾಯವಾಗಬೇಕಾಗುತ್ತದೆ. ಗಟ್ಟಿ ಉಕ್ಕಿನಲ್ಲಿ ಒಂದೇ ಏಟಿಗೆ ಅಷ್ಟು ನಷ್ಟ ಆಗುವುದಿಲ್ಲ.

ಆದರೆ “ಎರಡೂ ನಿಯಮ ಸೇರಿದರೆ ಎಲ್ಲ ವಿವರಿಸಬಹುದು” ಎಂಬ ಮಾತನ್ನೂ ಪೂರ್ತಿ ಒಪ್ಪಬೇಡಿ. ಮೂರು ಗುಂಡುಗಳ ತೊಟ್ಟಿಲಿನಲ್ಲಿ ಒಂದನ್ನು 3ರ ವೇಗದಲ್ಲಿ ಬಡಿಸಿದಿರಿ ಎಂದುಕೊಳ್ಳಿ. ಅದು 1ರ ವೇಗದಲ್ಲಿ ಹಿಂದಕ್ಕೆ ಬಂದು, ಉಳಿದೆರಡು 2ರ ವೇಗದಲ್ಲಿ ಮುಂದಕ್ಕೆ ಹೋದರೆ? ಸಂವೇಗ −1 + 2 + 2 = 3. ಚಲನಶಕ್ತಿ 1 + 4 + 4 = 9, ಮೊದಲಿದ್ದಷ್ಟೇ. ಎರಡೂ ನಿಯಮ ಪಾಸ್. ಆದರೆ ತೊಟ್ಟಿಲಿನಲ್ಲಿ ಹೀಗೆ ಕಾಣುವುದಿಲ್ಲ. ಗೊತ್ತಿಲ್ಲದ ವೇಗಗಳು ಮೂರಾದಾಗ ಎರಡು ನಿಯಮ ಸಾಲುವುದಿಲ್ಲ.

ಅಲ್ಲಿ ನೆರವಿಗೆ ಬರುವುದು ಡಿಕ್ಕಿಗಳ ಸರದಿ. ಗುಂಡುಗಳ ನಡುವೆ ಕೂದಲೆಳೆಯಷ್ಟು ಜಾಗ ಇದ್ದರೆ ಪ್ರತಿ ಡಿಕ್ಕಿಯೂ ಎರಡು ಗುಂಡುಗಳ ನಡುವಿನದ್ದೇ. ಸಮ ರಾಶಿಯ ಎರಡು ಗುಂಡುಗಳ ಡಿಕ್ಕಿಯಲ್ಲಿ ಅವು ವೇಗವನ್ನು ಅದಲು ಬದಲು ಮಾಡಿಕೊಳ್ಳುತ್ತವೆ: ಬಂದದ್ದು ನಿಲ್ಲುತ್ತದೆ, ನಿಂತದ್ದು ಹೊರಡುತ್ತದೆ. ಹೀಗೆ ವೇಗ ಕೈಯಿಂದ ಕೈಗೆ ದಾಟುತ್ತಾ ಕೊನೆಯ ಗುಂಡನ್ನು ತಲುಪುತ್ತದೆ. ಎರಡು ಗುಂಡು ಬಿಟ್ಟಾಗ ಮುಂದಿನದರ ವೇಗ ಮೊದಲು ದಾಟುತ್ತದೆ, ಹಿಂದಿನದರದ್ದು ಅದರ ಬೆನ್ನಿಗೇ ಬರುತ್ತದೆ, ಹಾಗಾಗಿ ಆ ಕಡೆ ಎರಡು ಹಾರುತ್ತವೆ. ಗುಂಡುಗಳು ತಾಗಿಕೊಂಡೇ ಇದ್ದರೆ ಈ ಸರದಿ ಅಷ್ಟು ಸ್ವಚ್ಛವಾಗಿರುವುದಿಲ್ಲ. ಗಮನವಿಟ್ಟು ನೋಡಿದರೆ ನಡುವಿನ ಗುಂಡುಗಳೂ ಮೊದಲ ಏಟಿಗೇ ಸ್ವಲ್ಪ ಅಲುಗಾಡುವುದು ಕಾಣುತ್ತದೆ.

ಇದೇ ವಿಡಿಯೋವನ್ನು “ನಿಲ್ಲದೆ ಓಡುವ ಯಂತ್ರ” ಎಂದು ಹಂಚಿಕೊಂಡಿರುವುದನ್ನು ಕಂಡರೆ, ವಿಡಿಯೋ ಎಲ್ಲಿ ಕತ್ತರಿಸಲಾಗಿದೆ ಎಂದು ನೋಡಿ. ಪ್ರತಿ ‘ಟಿಕ್’ಗೂ ಒಂದಿಷ್ಟು ಶಕ್ತಿ ಹೋಗುತ್ತಿರುತ್ತದೆ. ಸ್ವಲ್ಪ ಹೊತ್ತಿನಲ್ಲಿ ಐದೂ ಗುಂಡುಗಳು ಒಟ್ಟಿಗೇ ಮೆಲ್ಲಗೆ ತೂಗಲು ಶುರುಮಾಡುತ್ತವೆ, ಆಮೇಲೆ ನಿಲ್ಲುತ್ತವೆ.