ಕೆರೆಯ ಚರಿತ್ರೆ ಮರಳಿ ದೊರೆತ ಬಗೆ



2004ರಲ್ಲಿ, ನಮ್ಮೂರ ಕೆರೆಯ ಬಗ್ಗೆ ಹಿರಿಯರು ಹೇಳಿದ್ದನ್ನೆಲ್ಲ ಬರೆದುಕೊಂಡು ನುಡಿ ತಂತ್ರಾಂಶದಲ್ಲಿ ನಲವತ್ತು ಪುಟ ಬೆರಳಚ್ಚು ಮಾಡಿದ್ದೆ. ಹೇಳಿದವರಲ್ಲಿ ಈಗ ಯಾರೂ ಉಳಿದಿಲ್ಲ. ಕಳೆದ ತಿಂಗಳು ಆ `.doc` ಕಡತವನ್ನು ತೆರೆಯಹೋದರೆ, ಅದು ಕೆಟ್ಟಿದೆ, ತೆರೆಯಲಾಗದು ಎಂಬ ಸೂಚನೆ ಬಂದಿತು.

ಮೊದಲು ಕಡತದ ಒಂದು ನಕಲು ಮಾಡಿಕೊಂಡು, ಮೂಲವನ್ನು ಮುಟ್ಟದೆ ಇಟ್ಟೆ. ಅನಂತರ ವರ್ಡ್ ತಾನಾಗಿ ಉಳಿಸಿಡುವ ಪ್ರತಿಯನ್ನು ಹುಡುಕಿದೆ. ಕೆಲಸ ಮಾಡುತ್ತಿರುವಾಗ ವರ್ಡ್ ಸಾಮಾನ್ಯವಾಗಿ ಹತ್ತು ನಿಮಿಷಕ್ಕೊಮ್ಮೆ `.asd` ಎಂಬ ಕಡತವನ್ನು ಬರೆದಿಡುತ್ತದೆ. ಆದರೆ ಅದು ವಿದ್ಯುತ್ ಹೋದಾಗ, ಗಣಕ ಸ್ತಬ್ಧವಾದಾಗ ಒದಗುವ ಆಸರೆ. ಕಡತವನ್ನು ಕ್ರಮವಾಗಿ ಮುಚ್ಚಿದೊಡನೆ ಅಳಿಸಿಹೋಗುತ್ತದೆ. ಎರಡು ದಶಕಗಳ ಹಿಂದೆ ಮುಚ್ಚಿದ ಕಡತಕ್ಕೆ ಅದು ಸಿಗುವಂತಿರಲಿಲ್ಲ.

ಎರಡನೆಯ ದಾರಿ ದುರಸ್ತಿ. `File > Open > Browse`ನಲ್ಲಿ ಕಡತವನ್ನು ಒಮ್ಮೆ ಒತ್ತಿ ಆಯ್ದು, `Open` ಗುಂಡಿಯ ಪಕ್ಕದ ಬಾಣದಿಂದ `Open and Repair` ಆರಿಸಬೇಕು. ನನ್ನ ಕಡತ ಅದಕ್ಕೂ ಬಗ್ಗಲಿಲ್ಲ.

ಕೊನೆಗೆ ಅದೇ ಕಿಟಕಿಯ ಕಡತಪ್ರಕಾರಗಳ ಪಟ್ಟಿಯಲ್ಲಿ `Recover Text from Any File` ಆರಿಸಿದೆ. ಇದು ಪುಟವಿನ್ಯಾಸ, ಚಿತ್ರ, ಅಕ್ಷರಶೈಲಿಗಳನ್ನೆಲ್ಲ ಕೈಬಿಟ್ಟು ಬರಹವನ್ನು ಮಾತ್ರ ಹೆಕ್ಕುತ್ತದೆ. ಕಡತ ತೆರೆಯಿತು. ಆದರೆ ತೆರೆಯ ತುಂಬ `PÀ£ÀßqÀ` ಎಂಬಂಥ ವಿಚಿತ್ರ ಅಕ್ಷರಗಳು! ಎಲ್ಲವೂ ಹಾಳಾಯಿತೆಂದೇ ಭಾವಿಸಿದೆ.

ಇಲ್ಲಿಯೇ ಕನ್ನಡ ಗಣಕದ ಚರಿತ್ರೆ ನೆರವಿಗೆ ಬಂದಿತು. ಯುನಿಕೋಡ್ ಬಳಕೆಗೆ ಬರುವ ಮುನ್ನ ನುಡಿಯಂಥ ತಂತ್ರಾಂಶಗಳು ಕನ್ನಡವನ್ನು ಕನ್ನಡವಾಗಿ ಉಳಿಸುತ್ತಿರಲಿಲ್ಲ. ಕಡತದಲ್ಲಿ ಇರುತ್ತಿದ್ದುದು ರೋಮನ್ ಲಿಪಿಯ ಸಂಕೇತಗಳು. ಅವುಗಳ ಮೇಲೆ ಕನ್ನಡ ಅಕ್ಷರದ ಭಾಗಗಳನ್ನು ಮೂಡಿಸುತ್ತಿದ್ದುದು ಫಾಂಟ್. ಮೇಲಿನ ವಿಚಿತ್ರ ಸಾಲು ವಾಸ್ತವವಾಗಿ 'ಕನ್ನಡ' ಎಂಬ ಪದವೇ. ಅಕ್ಷರಶೈಲಿ ಕಳಚಿದ್ದರಿಂದ ಬೆತ್ತಲೆ ಸಂಕೇತ ಮಾತ್ರ ಕಾಣುತ್ತಿತ್ತು. ಗಣಕದಲ್ಲಿ ನುಡಿಯ ಫಾಂಟನ್ನು ಅಳವಡಿಸಿ, ಬರಹವನ್ನೆಲ್ಲ ಆಯ್ದು `Nudi 01 e` ಎಂದು ಬದಲಿಸಿದೊಡನೆ ಕೆರೆಯ ಕಥೆ ಕಣ್ಣೆದುರು ಮೂಡಿತು. ಮೊದಲಲ್ಲೂ ಕೊನೆಯಲ್ಲೂ ಕೆಲವು ಸಾಲು ಕಸವಿತ್ತು. ಅದು ವರ್ಡ್‌ನ ಒಳಲೆಕ್ಕದ ಉಳಿಕೆ. ತೂಬಿನ ಅಳತೆಗಳಿದ್ದ ಕೋಷ್ಟಕದ ಗೆರೆಗಳು ಮಾಯವಾಗಿದ್ದವು; ಅಂಕಿಗಳು ಉಳಿದಿದ್ದವು.

ಈ ಕೊನೆಯ ಉಪಾಯ ಹಳೆಯ `.doc`ಗಳಿಗೆ ಸಲ್ಲುವಂಥದು. 2007ರ ವರ್ಡ್‌ನಿಂದ ರೂಢಿಗೆ ಬಂದ `.docx`ನೊಳಗೆ ಬರಹ ಅಡಕಗೊಂಡಿರುವುದರಿಂದ ಇದು ಅಲ್ಲಿ ಫಲಿಸದು. ಕೆಲಸ ಮುಗಿದ ಮೇಲೆ ಕಡತಪ್ರಕಾರವನ್ನು `All Word Documents`ಗೆ ಮರಳಿಸಲು ಮರೆಯದಿರಿ; ಮರೆತರೆ ಮುಂದಿನ ಒಳ್ಳೆಯ ಕಡತವೂ ವಿನ್ಯಾಸ ಕಳೆದುಕೊಂಡು ತೆರೆಯಬಹುದು.

ನುಡಿಯ ಪರಿವರ್ತಕದಿಂದ ಬರಹವನ್ನು ಈಗ ಯುನಿಕೋಡಿಗೆ ಬದಲಿಸಿದ್ದೇನೆ. ನಿಮ್ಮ ಹಳೆಯ ಕಡತಗಳಲ್ಲಿ ಇಂಥ ಅಕ್ಷರಗಳು ಕಂಡರೆ ಕಸವೆಂದು ಅಳಿಸಬೇಡಿ. ಮೊದಲು ಫಾಂಟ್ ಬದಲಿಸಿ ನೋಡಿ.