ಕ್ರಾಪಿಂಗ್: ಮುದ್ರಣದ ಅಳತೆಗೆ ಗ್ರೂಪ್ ಫೋಟೊ

ತೆಗೆದ ಚಿತ್ರದ ಅಂಚುಗಳನ್ನು ಕತ್ತರಿಸಿ, ಕಾಗದದ ಅಥವಾ ಆಲ್ಬಂ ಪುಟದ ಅಳತೆಗೆ ಹೊಂದಿಸುವ ಕೆಲಸವೇ ಕ್ರಾಪಿಂಗ್. ಕ್ಯಾಮೆರಾ ಕೊಡುವ ಚಿತ್ರದ ಆಕಾರ ಒಂದು, ಅಂಗಡಿಯಲ್ಲಿ ಸಿಗುವ ಫ್ರೇಮಿನ ಆಕಾರ ಇನ್ನೊಂದು. ಈ ಎರಡರ ನಡುವಿನ ವ್ಯತ್ಯಾಸಕ್ಕೆ ಬಲಿಯಾಗುವವರು ಸಾಮಾನ್ಯವಾಗಿ ಸಾಲಿನ ತುದಿಯಲ್ಲಿ ನಿಂತವರು. ಇದನ್ನು ಅರಿಯಲು ಬೆಂಗಳೂರಿನ ಹೊರವಲಯದಲ್ಲಿ ಪ್ರತಿವರ್ಷ ತಪ್ಪದೆ ತೆಗೆಸಿಕೊಳ್ಳುವ ಒಂದು ಚಿತ್ರ ಸಾಕು: ಪೀಣ್ಯದ ಕಾರ್ಖಾನೆಗಳ ಆಯುಧಪೂಜೆಯ ಗ್ರೂಪ್ ಫೋಟೊ. ಅಂದು ಲೇತು, ಪ್ರೆಸ್ಸುಗಳನ್ನೆಲ್ಲ ಒರೆಸಿ, ಬಾಳೆಕಂದು ಕಟ್ಟಿ, ಚೆಂಡುಹೂ ಏರಿಸಿ, ಬೂದುಗುಂಬಳಕಾಯಿ ಒಡೆಯುತ್ತಾರೆ. ಕಡ್ಲೆಪುರಿ, ಸಿಹಿಪೊಟ್ಟಣ ಹಂಚುವ ಗಡಿಬಿಡಿಯಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಒಂದು ಫೋಟೊ. ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್‌ಗಳ ಕಚೇರಿಗಳಲ್ಲಿ ತಂಡದ ಚಿತ್ರ ತೆಗೆಯುವಾಗಲೂ ಲೆಕ್ಕ ಇದೇ. ಯಂತ್ರದ ಬದಲು ಹಿಂದೆ ಗಾಜಿನ ಗೋಡೆ ಇರುತ್ತದೆ, ಅಷ್ಟೇ.

ಆಕಾರದ ಲೆಕ್ಕ

ಸ್ಟುಡಿಯೊದವರು ಬಳಸುವ ಹೆಚ್ಚಿನ ಕ್ಯಾಮೆರಾಗಳ ಚಿತ್ರದಲ್ಲಿ ಅಗಲ ಮೂರು ಪಾಲಾದರೆ ಎತ್ತರ ಎರಡು ಪಾಲು. ಆಸ್ಕರ್ ಬಾರ್ನಾಕ್ ರೂಪಿಸಿದ, 1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾ ಕ್ಯಾಮೆರಾದ 36 × 24 ಮಿಲಿಮೀಟರ್ ಚೌಕಟ್ಟಿನಿಂದ ಇಳಿದುಬಂದ ಆಕಾರ ಇದು. 4 × 6, 8 × 12, 12 × 18 ಇಂಚಿನ ಕಾಗದಗಳೂ ಇದೇ ಆಕಾರದವು. ಇವುಗಳ ಮೇಲೆ ಚಿತ್ರ ಕತ್ತರಿಯಿಲ್ಲದೆ ಕೂರುತ್ತದೆ. ಆದರೆ 8 × 10 ಎಂಬ ಜನಪ್ರಿಯ ಅಳತೆ ಅದಕ್ಕೂ ಹಿಂದಿನದು, ದೊಡ್ಡ ಹಾಳೆ ಫಿಲ್ಮಿನ ಸ್ಟುಡಿಯೊ ಕ್ಯಾಮೆರಾಗಳ ಕಾಲದ್ದು. ಅದರ ಆಕಾರ ಐದಕ್ಕೆ ನಾಲ್ಕು, ಹೆಚ್ಚುಕಡಿಮೆ ಚೌಕ. 5 × 7 ಇವೆರಡರ ನಡುವೆ ಬರುತ್ತದೆ. ಮೊಬೈಲ್ ಚಿತ್ರ ಸಾಮಾನ್ಯವಾಗಿ ನಾಲ್ಕಕ್ಕೆ ಮೂರು. ಅದನ್ನು 4 × 6 ಕಾಗದಕ್ಕೆ ಹಾಕಿದರೆ ಪಕ್ಕಗಳು ಉಳಿದು ಮೇಲೆ ಕೆಳಗೆ ಕತ್ತರಿ ಬೀಳುತ್ತದೆ. ನಿಂತವರ ತಲೆ ಅಂಚಿಗೆ ತಾಗಿದ್ದರೆ ಅದೂ ಹೋಗುತ್ತದೆ.

ಈಗ ಉದಾಹರಣೆಯ ಚಿತ್ರಕ್ಕೆ ಬರೋಣ. ಹಿಂದಿನ ಸಾಲಿನಲ್ಲಿ 18 ಮಂದಿ ನಿಂತಿದ್ದಾರೆ, ಮುಂದೆ 17 ಕುರ್ಚಿ, ನಟ್ಟನಡುವಿನ ಒಂಬತ್ತನೆಯ ಕುರ್ಚಿಯಲ್ಲಿ ಮಾಲೀಕರು. ಕ್ಯಾಮೆರಾ 24 ಮೆಗಾಪಿಕ್ಸೆಲ್‌ನದು. ಚಿತ್ರದ ಅಗಲ 6000 ಪಿಕ್ಸೆಲ್, ಎತ್ತರ 4000. ಶೆಡ್ಡಿನಲ್ಲಿ ಹಿಂದೆ ಸರಿಯಲು ಜಾಗವಿಲ್ಲದ್ದರಿಂದ ಸಾಲು ಚೌಕಟ್ಟನ್ನು ಬಹುತೇಕ ತುಂಬಿದೆ: ಎಡಕ್ಕೆ 200, ಬಲಕ್ಕೆ 200 ಪಿಕ್ಸೆಲ್ ಮಾತ್ರ ಖಾಲಿ. ನಡುವಿನ 5600 ಪಿಕ್ಸೆಲ್ಲುಗಳನ್ನು 18 ಮಂದಿ ಹಂಚಿಕೊಂಡರೆ ತಲೆಗೆ ಸುಮಾರು 311.

ಇದನ್ನು 8 × 10ಕ್ಕೆ ಕೊಟ್ಟರೆ ಏನಾಗುತ್ತದೆ? ಎತ್ತರದ 4000 ಪಿಕ್ಸೆಲ್ಲನ್ನೂ ಉಳಿಸಿಕೊಂಡರೆ ಅಗಲಕ್ಕೆ ದಕ್ಕುವುದು 5000 ಮಾತ್ರ. ಎರಡೂ ಪಕ್ಕದಲ್ಲಿ 500 ಪಿಕ್ಸೆಲ್ ಹೋಗುತ್ತದೆ. ಅದರಲ್ಲಿ 200 ಖಾಲಿ ಜಾಗ, ಉಳಿದ 300 ಮನುಷ್ಯರು. ಅಂದರೆ ಎಡತುದಿಯವರು ಒಬ್ಬರು, ಬಲತುದಿಯವರು ಒಬ್ಬರು ಪೂರ್ತಿ ಮಾಯ. ತುದಿಯಲ್ಲಿ ನಿಲ್ಲುವವರು ಹೆಚ್ಚಾಗಿ ಹೊಸದಾಗಿ ಸೇರಿದ ಹೆಲ್ಪರುಗಳು ಇಲ್ಲವೇ ಸೆಕ್ಯುರಿಟಿಯವರು ಎಂಬುದನ್ನೂ ಇಲ್ಲಿ ಹೇಳಬೇಕು. ಮಧ್ಯದಲ್ಲಿ ಕೂತವರ ಕುರ್ಚಿಗೆ ಕತ್ತರಿ ಎಂದೂ ತಾಗುವುದಿಲ್ಲ.

5 × 7ರಲ್ಲಿ ಅಗಲ ಕರಾರುವಾಕ್ಕಾಗಿ 5600 ಪಿಕ್ಸೆಲ್ ಉಳಿಯುತ್ತದೆ. ಪರದೆಯ ಮೇಲೆ ನೋಡಿದರೆ ಯಾರೂ ಕಳೆದುಹೋಗಿಲ್ಲ. ಆದರೆ ಲ್ಯಾಬಿನ ಯಂತ್ರ ಬಿಳಿ ಅಂಚು ಕಾಣಬಾರದೆಂದು ಚಿತ್ರವನ್ನು ಕಾಗದಕ್ಕಿಂತ ಕೂದಲೆಳೆಯಷ್ಟು ದೊಡ್ಡದಾಗಿ ಮುದ್ರಿಸುತ್ತದೆ, ಫ್ರೇಮಿನ ತುಟಿಯೂ ಸುತ್ತ ಕೆಲವು ಮಿಲಿಮೀಟರ್ ಮುಚ್ಚುತ್ತದೆ. ಹೀಗಾಗಿ ತುದಿಯವರ ಹೊರಭುಜ ಫ್ರೇಮಿನೊಳಗೆ ಸೇರಿಕೊಳ್ಳುತ್ತದೆ. ಪರದೆಯಲ್ಲಿ ಸರಿ ಕಂಡದ್ದು ಗೋಡೆಯ ಮೇಲೆ ತಪ್ಪಾಗುವುದು ಹೆಚ್ಚಾಗಿ ಹೀಗೆಯೇ. 2022ರಲ್ಲಿ ಪೀಣ್ಯದ ಪಕ್ಕದ ನಾಗಸಂದ್ರದಲ್ಲಿ ಐಕಿಯಾ ಅಂಗಡಿ ತೆರೆದ ಮೇಲೆ ಸೆಂಟಿಮೀಟರ್ ಅಳತೆಯ ಫ್ರೇಮುಗಳೂ ಮನೆಗಳಿಗೆ ಬಂದಿವೆ. ಅವುಗಳಲ್ಲಿ 30 × 40ರ ಆಕಾರ ನಾಲ್ಕಕ್ಕೆ ಮೂರು. ನಮ್ಮ ಚಿತ್ರವನ್ನು ಅದಕ್ಕೆ ತುಂಬಿಸಿದರೆ ಎರಡೂ ತುದಿಯವರು ಅರ್ಧಕ್ಕೆ ಸಮೀಪ ಕತ್ತರಿಸಿಹೋಗುತ್ತಾರೆ. ಫ್ರೇಮು ಕೊಂಡ ಮೇಲೆ ಫೋಟೊ ಹೊಂದಿಸುವ ಬದಲು, ಫೋಟೊದ ಆಕಾರ ನೋಡಿ ಫ್ರೇಮು ಕೊಳ್ಳುವುದು ಸುಲಭ.

8 × 10 ಫ್ರೇಮೇ ಬೇಕೆಂದು ಹಟವಿದ್ದರೆ ಕತ್ತರಿಸದೆ ಕೂರಿಸುವ ದಾರಿಯಿದೆ. ಲ್ಯಾಬಿನವರಿಗೆ ‘ಫಿಲ್ ಬೇಡ, ಫಿಟ್ ಮಾಡಿ’ ಎಂದು ಹೇಳಬೇಕು. ಆಗ ಚಿತ್ರ 10 ಇಂಚು ಅಗಲ, ಆರೂಮುಕ್ಕಾಲು ಇಂಚಿಗೆ ತುಸು ಕಡಿಮೆ ಎತ್ತರಕ್ಕೆ ಕೂರುತ್ತದೆ. ಒಟ್ಟು ಒಂದೂಕಾಲು ಇಂಚಿಗೆ ಮೀರಿದ ಬಿಳಿ ಪಟ್ಟಿ ಉಳಿಯುತ್ತದೆ. ಚಿತ್ರವನ್ನು ಮೇಲಕ್ಕೆ ಸರಿಸಿ, ಆ ಪಟ್ಟಿಯನ್ನೆಲ್ಲ ಕೆಳಗೆ ತಂದು, ಅಲ್ಲಿ ಕಾರ್ಖಾನೆಯ ಹೆಸರು, ‘ಆಯುಧಪೂಜೆ’, ಇಸವಿ ಅಚ್ಚುಹಾಕಿಸಿದರೆ ಅದು ಉಳಿದ ಜಾಗ ಎಂದು ಯಾರಿಗೂ ಅನ್ನಿಸುವುದಿಲ್ಲ. ಏನೂ ಹೇಳದೆ ಬಂದರೆ ಯಂತ್ರ ತಾನಾಗಿ ನಡುಭಾಗವನ್ನು ಹಿಡಿದು ಎರಡು ಪಕ್ಕವನ್ನೂ ಕತ್ತರಿಸುತ್ತದೆ.

ಪಿಕ್ಸೆಲ್ ಸಾಕೇ?

ಅಂಚು ಉಳಿದರಷ್ಟೇ ಸಾಲದು, ಉಳಿದದ್ದು ಸ್ಪಷ್ಟವಾಗಿಯೂ ಇರಬೇಕು. ಚಿತ್ರದ ಅಗಲದ ಪಿಕ್ಸೆಲ್ಲನ್ನು ಕಾಗದದ ಅಗಲದ ಇಂಚಿನಿಂದ ಭಾಗಿಸಿದರೆ ಇಂಚಿಗೆಷ್ಟು ಪಿಕ್ಸೆಲ್ ಎಂದು ಸಿಗುತ್ತದೆ. ಲ್ಯಾಬುಗಳಲ್ಲಿ ಇದನ್ನು ಡಿಪಿಐ ಎಂದೇ ಕರೆಯುತ್ತಾರೆ. ಕೈಯಲ್ಲಿ ಹಿಡಿದು ನೋಡುವ ಚಿತ್ರಕ್ಕೆ 300, ಮೇಜಿನ ಮೇಲೆ ತೆರೆಯುವ ಆಲ್ಬಮ್ಮಿಗೆ 200, ಗೋಡೆಯ ಮೇಲಿನದಕ್ಕೆ 150 ಇದ್ದರೆ ನಡೆಯುತ್ತದೆ ಎಂಬುದು ಅಂದಾಜು. ನಮ್ಮ ಚಿತ್ರ 12 × 18ರಲ್ಲಿ 333ಕ್ಕೆ ಬರುತ್ತದೆ, ಚಿಂತೆಯಿಲ್ಲ. 4 × 6ರಲ್ಲಿ 1000ಕ್ಕೆ ಬರುತ್ತದೆ, ಆದರೆ ಅದರಿಂದ ಲಾಭವೇನಿಲ್ಲ. ಆರಿಂಚಿನಲ್ಲಿ 18 ಮಂದಿ ನಿಂತರೆ ಒಂದೊಂದು ಮುಖದ ಅಗಲ ಎರಡೂವರೆ ಮಿಲಿಮೀಟರಿನಷ್ಟೂ ಇರುವುದಿಲ್ಲ. ಇಲ್ಲಿ ಪಿಕ್ಸೆಲ್ ಸಾಕಾಗಿದೆ, ಕಾಗದ ಸಾಕಾಗಿಲ್ಲ. ಎಲ್ಲರಿಗೂ ಒಂದೊಂದು ಪ್ರತಿ ಹಂಚುವುದಾದರೆ 8 × 12ಕ್ಕಿಂತ ಚಿಕ್ಕದು ಬೇಡ.

ನಿಜವಾದ ತೊಂದರೆ ವಾಟ್ಸಾಪಿನಿಂದ ಬರುತ್ತದೆ. ಮಾಮೂಲಾಗಿ ಫೋಟೊ ಎಂದು ಕಳಿಸಿದಾಗ ಉದ್ದಬದಿ ಸುಮಾರು 1600 ಪಿಕ್ಸೆಲ್ಲಿಗೆ ಕುಗ್ಗುತ್ತದೆ. ಗ್ರೂಪಿನಲ್ಲಿ ಬಂದ ಪ್ರತಿಯನ್ನೇ ಮನೆ ಹತ್ತಿರದ ಅಂಗಡಿಯಲ್ಲಿ 12 × 18 ಮಾಡಿಸಿದರೆ ಇಂಚಿಗೆ ಸಿಗುವುದು 89. ಒಂದು ಮುಖಕ್ಕೆ ಅಗಲದಲ್ಲಿ ಸುಮಾರು 25 ಪಿಕ್ಸೆಲ್, ಹಣೆಯ ಕುಂಕುಮಕ್ಕೆ ಒಂದೋ ಎರಡೋ. ಮುದ್ರಿಸುವ ಮೊದಲೇ ಇದನ್ನು ಪತ್ತೆ ಹಚ್ಚಬಹುದು. ಚಿತ್ರವನ್ನು ಪರದೆಯ ಮೇಲೆ ನೂರು ಪರ್ಸೆಂಟಿಗೆ ಹಿಗ್ಗಿಸಿ ಹಿಂದಿನ ಸಾಲಿನ ಕಣ್ಣುಗಳನ್ನು ನೋಡಬೇಕು. ಬಿಳಿ, ಕಪ್ಪು ಬೇರೆಯಾಗಿ ಕಾಣದೆ ಮಸಿ ಒತ್ತಿದಂತಿದ್ದರೆ, ಬಾಗಿಲ ಮೇಲಿನ ಬೋರ್ಡಿನ ಅಕ್ಷರಗಳ ಸುತ್ತ ಚೌಕಳಿ ಕಲೆಗಳಿದ್ದರೆ, ಅದು ಕುಗ್ಗಿದ ಪ್ರತಿ. ತೆಗೆದವರಿಂದ ಮೂಲವನ್ನು ‘Document’ ಆಗಿ ತರಿಸಿಕೊಳ್ಳಬೇಕು. ಹಾಗೆ ಬಂದ ಫೈಲು ಕುಗ್ಗುವುದಿಲ್ಲ.

ಡಿಸೈನರುಗಳೂ ಒಂದು ಕಡೆ ಎಡವುತ್ತಾರೆ. ಇಂಥ ಕುಗ್ಗಿದ ಪ್ರತಿಗೆ ಫೋಟೊಶಾಪಿನ ಕ್ರಾಪ್ ಪಟ್ಟಿಯಲ್ಲಿ ‘W x H x Resolution’ ಆರಿಸಿ 10 ಇಂಚು, 8 ಇಂಚು, 300 ಎಂದು ತುಂಬಿದರೆ, ಇಲ್ಲದ ಪಿಕ್ಸೆಲ್ಲುಗಳನ್ನು ತಂತ್ರಾಂಶವೇ ತುಂಬಿ 3000 × 2400ರ ಫೈಲು ಕೊಡುತ್ತದೆ. ಫೈಲಿನ ಮೇಲೆ 300 ಎಂದಿರುತ್ತದೆ, ಮುಖ ಮಾತ್ರ ಮೇಣದ ಗೊಂಬೆಯಂತಿರುತ್ತದೆ. ಕ್ರಾಪ್ ಮಾಡುವಾಗ ‘Ratio’ವನ್ನಷ್ಟೇ ಕೊಟ್ಟು, ಆಮೇಲೆ ‘Image Size’ನಲ್ಲಿ ‘Resample’ ಗುರುತು ತೆಗೆದು ನೋಡಿದರೆ ನಿಜವಾದ ಅಂಕಿ ಕಾಣುತ್ತದೆ. ‘Delete Cropped Pixels’ ಗುರುತನ್ನೂ ತೆಗೆದಿಟ್ಟರೆ ಕತ್ತರಿಸಿದ ಅಂಚನ್ನು ಮತ್ತೆ ತರಬಹುದು.

ಆಲ್ಬಮ್ಮಿನ ಮಡಿಕೆ

ಮದುವೆ ಆಲ್ಬಮ್ಮುಗಳಲ್ಲಿ ರೂಢಿಯಾದ 12 × 36 ಇಂಚಿನ ಜೋಡಿಪುಟ ಈಗ ಕಂಪನಿಯ ವಾರ್ಷಿಕ ಆಲ್ಬಮ್ಮುಗಳಿಗೂ ಬಂದಿದೆ. 18 ಇಂಚಿನ ಎರಡು ಪುಟ, ನಡುವೆ ಮಡಿಕೆ. ಅಗಲವಾದ ಗ್ರೂಪ್ ಫೋಟೊ ಕಂಡೊಡನೆ ಡಿಸೈನರ್ ಅದನ್ನು ಜೋಡಿಪುಟದ ತುಂಬ ಹಾಸುತ್ತಾನೆ. ಎತ್ತರದಲ್ಲಿ ಇದು ಸರಿಯಾಗಿಯೇ ಹೊಂದುತ್ತದೆ: ಪುಟದ ಆಕಾರ ಒಂದಕ್ಕೆ ಮೂರಾದ್ದರಿಂದ 2000 ಪಿಕ್ಸೆಲ್ ಎತ್ತರ ಉಳಿಯುತ್ತದೆ, ಕೂತವರು ನಿಂತವರು ಸೇರಿ ತುಂಬುವುದು 1100ರ ಆಸುಪಾಸು. ಹೋಗುವುದು ತಗಡಿನ ಚಾವಣಿ ಮತ್ತು ನೆಲ ಮಾತ್ರ.

ಕೆಡುವುದು ನಡುವಿನಲ್ಲಿ. ಮಡಿಕೆ ಬೀಳುವುದು 3000ನೆಯ ಪಿಕ್ಸೆಲ್ಲಿನ ಮೇಲೆ, ಅಲ್ಲಿ ಕೂತವರು ಮಾಲೀಕರು. ಹಿಂದಿನ ಸಾಲು ಸಮಸಂಖ್ಯೆಯದ್ದಾದ್ದರಿಂದ ಅಲ್ಲಿ ಮಡಿಕೆ ಇಬ್ಬರ ನಡುವೆ ಹಾದುಹೋಗುತ್ತದೆ. ಮುಂದಿನ ಸಾಲಿನ ಬೆಸಸಂಖ್ಯೆ ಮಾತ್ರ ಮೂಗಿನ ಮೇಲೆ ಗೀರು ಎಳೆಯುತ್ತದೆ. ಚಪ್ಪಟೆಯಾಗಿ ತೆರೆದುಕೊಳ್ಳುವ ಆಲ್ಬಮ್ಮಿನಲ್ಲಿ ಅದು ಬರಿಯ ಗೀರು. ಪುಸ್ತಕದಂತೆ ಹೊಲಿದ ಅಥವಾ ಅಂಟಿಸಿದ ಆಲ್ಬಮ್ಮಾದರೆ ಕೆಲವು ಮಿಲಿಮೀಟರ್ ಒಳಗೇ ಹುದುಗಿ ಮುಖ ಕಿರಿದಾಗುತ್ತದೆ.

ಚಿತ್ರವನ್ನು ಪಕ್ಕಕ್ಕೆ ಸರಿಸಿದರಾಯಿತಲ್ಲ ಎನ್ನಬಹುದು. ಮಡಿಕೆ ಎರಡು ಕುರ್ಚಿಗಳ ನಡುವೆ ಬೀಳಲು ಅರ್ಧ ಆಳಿನಷ್ಟು, ಎಂದರೆ 155 ಪಿಕ್ಸೆಲ್ ಸರಿಸಬೇಕು. ಹಾಗೆ ಸರಿಸಿದ ಮೇಲೂ ಪುಟ ತುಂಬಬೇಕಾದರೆ ಇನ್ನೊಂದು ಬದಿಯಲ್ಲಿ ಅದರ ಎರಡರಷ್ಟು, 310 ಪಿಕ್ಸೆಲ್ ಕತ್ತರಿಸಬೇಕು. ಅಲ್ಲಿರುವ ಖಾಲಿ ಜಾಗ 200 ಮಾತ್ರ. ಮಾಲೀಕರ ಮೂಗು ಉಳಿಯಿತು, ತುದಿಯವರ ಮೂರನೆಯ ಒಂದು ಭಾಗ ಹೋಯಿತು. ಜೊತೆಗೆ 36 ಇಂಚಿಗೆ ಹಿಗ್ಗಿದಾಗ ಇಂಚಿಗೆ 167 ಪಿಕ್ಸೆಲ್ ಮಾತ್ರ ಉಳಿದು ಚಿತ್ರ ತುಸು ಮೆತ್ತಗಾಗಿರುತ್ತದೆ. ಆದ್ದರಿಂದ ಇಂಥ ಚಿತ್ರವನ್ನು ಜೋಡಿಪುಟಕ್ಕೆ ಹಾಸದಿರುವುದೇ ಲೇಸು. ಬಲಪುಟದಲ್ಲಿ 12 × 18 ಆಗಿ ಇಡಿಯಾಗಿ ಕೂರಿಸಿ, ಎಡಪುಟದಲ್ಲಿ ಹೂ ಮುಡಿದ ಯಂತ್ರಗಳ ಚಿತ್ರ ಹಾಕಿದರೆ ಕತ್ತರಿಯೂ ಇಲ್ಲ, ಮಡಿಕೆಯೂ ಇಲ್ಲ, ಇಂಚಿಗೆ 333 ಪಿಕ್ಸೆಲ್ ಹಾಗೆಯೇ ಉಳಿಯುತ್ತದೆ.

ಗುಂಪಿನಿಂದ ಒಬ್ಬರನ್ನು ಬಿಡಿಸುವುದು

ವರ್ಷಗಳ ನಂತರ ಸ್ಟುಡಿಯೊಗೆ ಬರುವ ಬೇಡಿಕೆ ಇನ್ನೊಂದು ಬಗೆಯದು. ನಿವೃತ್ತಿಯ ಸನ್ಮಾನಕ್ಕೆ, ಒಮ್ಮೊಮ್ಮೆ ತಿಥಿಯ ದಿನ ಹಾರ ಹಾಕಲು, ಗ್ರೂಪ್ ಫೋಟೊದಲ್ಲಿರುವ ಒಬ್ಬರನ್ನು 8 × 10 ಮಾಡಿಕೊಡಿ ಎಂದು ಮನೆಯವರು ಕೇಳುತ್ತಾರೆ. ಅವರ ಪಾಲಿಗಿರುವುದು 311 ಪಿಕ್ಸೆಲ್ ಅಗಲ. ಎಂಟು ಇಂಚಿಗೆ ಹಂಚಿದರೆ ಇಂಚಿಗೆ 39. ಯಾವ ಹಿಗ್ಗಿಸುವಿಕೆಯೂ ಆ ಮುಖದ ಗೆರೆಗಳನ್ನು ಮರಳಿ ತರಲಾರದು. ಇಂಚಿಗೆ 200ರ ಲೆಕ್ಕದಲ್ಲಿ ದಕ್ಕುವುದು ಒಂದೂವರೆ ಇಂಚು, ಎಂದರೆ ಪಾಸ್‌ಪೋರ್ಟ್ ಅಳತೆ. ಅದರಲ್ಲೂ ಪಕ್ಕದವರ ಭುಜ ಇಣುಕುತ್ತಿರುತ್ತದೆ. ದೊಡ್ಡ ಫ್ರೇಮೇ ಬೇಕಿದ್ದರೆ ಚಿಕ್ಕ ಚಿತ್ರದ ಸುತ್ತ ಅಗಲವಾದ ಮೌಂಟ್ ಕೊಟ್ಟು ಕೂರಿಸುವುದೊಂದೇ ಮರ್ಯಾದೆಯ ದಾರಿ.

ಅದೇ ಆಯುಧಪೂಜೆಯ ದಿನ, ಅದೇ ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿ, ಪ್ರತಿಯೊಬ್ಬರನ್ನೂ ಅವರವರ ಯಂತ್ರದ ಪಕ್ಕ ನಿಲ್ಲಿಸಿ ಒಂದೊಂದು ತೆಗೆದಿದ್ದರೆ 4000 × 6000ರ ಚಿತ್ರ ಸಿಗುತ್ತಿತ್ತು. ಅದನ್ನು 8 × 10ಕ್ಕೆ ತಂದರೆ ಕತ್ತರಿಸಬೇಕಾದದ್ದು ಎತ್ತರದಲ್ಲಿ 1000 ಪಿಕ್ಸೆಲ್ ಮಾತ್ರ. ತಲೆಯ ಮೇಲೆ ಬಾಳೆಎಲೆಯಿದ್ದರೆ ಅದನ್ನು ಬಿಟ್ಟು ಕಾಲಬಳಿಯ ನೆಲವನ್ನು ತೆಗೆಯಬಹುದು.