ಗೋಲ ಗುಮ್ಮಟದ ಗೆರೆ ಮತ್ತು ಎರಡು ಕಾರು ಕಂಪನಿಗಳು

ಹೋದ ತಿಂಗಳು ನಿಡೋಣಿಯ ಗೆಳೆಯನೊಬ್ಬ ಟ್ರ್ಯಾಕ್ಟರ್‌ಗೆ ಗೋಲ ಗುಮ್ಮಟದ ರೇಡಿಯಂ ಸ್ಟಿಕರ್ ಬೇಕು ಅಂದ. ನಾನು ಪೆನ್ಸಿಲ್‌ನಲ್ಲಿ ಚಿತ್ರ ಬರೆದು, ಮೊಬೈಲ್‌ನಲ್ಲಿ ಫೋಟೊ ತೆಗೆದು, ಇಂಕ್‌ಸ್ಕೇಪ್‌ಗೆ ಹಾಕಿದೆ. `Path` ಮೆನುವಿನ `Trace Bitmap` ಒತ್ತಿದರೆ ಎರಡೇ ಸೆಕೆಂಡು, ಕೆಲಸ ಮುಗೀತು ಅಂದ್ಕೊಂಡೆ. ಅಂಗಡಿಯವರು ಫೈಲ್ ನೋಡಿ, 'ಇದು ಕಟ್ ಆಗಂಗಿಲ್ಲ' ಅಂದ್ರು.

ಯಾಕೆ ಅಂತ ತಿಳಿಯೋಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಇಂಕ್‌ಸ್ಕೇಪ್‌ನ ಟ್ರೇಸ್ ಹಿಂದೆ ಇರೋದು ಪೀಟರ್ ಸೆಲಿಂಗರ್ ಎಂಬ ಗಣಿತಜ್ಞರ ಪೋಟ್ರೇಸ್. 2003ರಲ್ಲಿ ಅವರು ಅದರ ವಿಧಾನ ವಿವರಿಸಿದರು. ಅದು ಗೆರೆಯನ್ನು ಹುಡುಕೋದಿಲ್ಲ, ಕಪ್ಪು ಬಿಳಿ ಕೂಡುವ ಅಂಚನ್ನು ಹುಡುಕುತ್ತದೆ. ಪೆನ್ಸಿಲ್ ಗೆರೆಗೆ ಎರಡು ಅಂಚು ಇರುತ್ತಲ್ಲ, ಹಾಗಾಗಿ ನಾನು ಎಳೆದ ಒಂದು ಗೆರೆ ಎರಡಾಗಿತ್ತು. ಯಂತ್ರದ ಬ್ಲೇಡು ಎರಡರ ಮೇಲೂ ಓಡುತ್ತದೆ, ನಡುವೆ ಉಳಿಯೋ ಎಳೆ ಕೂದಲಿನಷ್ಟು ಸಣ್ಣ. ಸುಲಿಯುವಾಗ ಹರಿದೇ ಹೋಗ್ತದ.

ಕಾಗದದ ನೆರಳನ್ನೂ ಅದು ಕಪ್ಪು ಅಂತ ಹಿಡಿದಿತ್ತು. `Threshold` ಇಳಿಸಿದರೆ ನೆರಳು ಹೋಯ್ತು, ಜೊತೆಗೆ ತೆಳು ಗೆರೆಗಳೂ ಹೋದವು. ಹಾಗಾಗಿ ಚಿತ್ರದ ಮೇಲೆ ಕಪ್ಪು ಪೆನ್ನಿನಿಂದ ತಿದ್ದಿ ಮತ್ತೆ ಫೋಟೊ ತೆಗೆದೆ. ಎರಡು ಗೆರೆಯ ಸಮಸ್ಯೆ ಮಾತ್ರ ಹಂಗೇ ಇತ್ತು. ಗುಮ್ಮಟದ ಕಮಾನಿನ ಮೇಲಂತೂ ಇರುವೆ ಸಾಲಿನಂತೆ ಬಿಂದುಗಳು. ಪ್ರತಿ ಬಿಂದುವಿನಲ್ಲೂ ಗೆರೆ ಚೂರು ಕುಲುಕುತ್ತಿತ್ತು.

ಇಂಥ ವಕ್ರಗೆರೆಯ ಲೆಕ್ಕ ಹುಟ್ಟಿದ್ದು ಫ್ರಾನ್ಸ್‌ನ ಕಾರು ಕಾರ್ಖಾನೆಗಳಲ್ಲಿ. ಸಿಟ್ರೊಯೆನ್‌ನ ಪಾಲ್ ದ ಕ್ಯಾಸ್ಟೆಲ್ಜೊ 1959ರಲ್ಲೇ ಕಂಡುಕೊಂಡಿದ್ದರು, ಕಂಪನಿ ಅದನ್ನು ಗುಟ್ಟಾಗಿ ಇಟ್ಟಿತು. ರೆನೊ ಕಂಪನಿಯ ಪಿಯೆರ್ ಬೆಜಿಯೆ 1960ರ ದಶಕದಲ್ಲಿ ತಮ್ಮ ಕೆಲಸ ಪ್ರಕಟಿಸಿದರು, ಹೆಸರು ಅವರದೇ ಆಯ್ತು. ಈ ಲೆಕ್ಕದಲ್ಲಿ ಅರ್ಧವೃತ್ತಕ್ಕೆ ಮೂರೇ ಬಿಂದು ಸಾಕು: ಎರಡು ತುದಿ, ಒಂದು ನೆತ್ತಿ. ನೆತ್ತಿಯ ಹಿಡಿಕೆಗಳು ಅಡ್ಡಡ್ಡ, ತುದಿಯವು ನೆಟ್ಟಗೆ. ಪ್ರತಿಯೊಂದರ ಉದ್ದ ತ್ರಿಜ್ಯದ ಸುಮಾರು 55 ಪ್ರತಿಶತ.

ಆಮೇಲೆ ಟ್ರೇಸ್ ಮಾಡಿದ್ದನ್ನು ಅಳಿಸಿಬಿಟ್ಟೆ. ಫೋಟೊವನ್ನು ತಳದಲ್ಲಿ ಲಾಕ್ ಮಾಡಿ, ಮೇಲೆ ಪೆನ್ ಟೂಲ್‌ನಿಂದ ಮೂರು ಬಿಂದು ಇಟ್ಟು ಗುಮ್ಮಟ ಎಳೆದೆ. ಬುಡದ ಎಸಳು ಒಂದನ್ನು ಬರೆದು ನಕಲು ಮಾಡಿದೆ. ಎಡಗಡೆ ಗೋಪುರ ಬರೆದು, ನಕಲು ತೆಗೆದು `H` ಒತ್ತಿ ತಿರುಗಿಸಿದರೆ ಬಲಗಡೆಯದು ಸಿದ್ಧ.

ಗೋಪುರ ಬರೆಯುವಾಗಲೇ ಗೊತ್ತಾಗಿದ್ದು, ನನ್ನ ಪೆನ್ಸಿಲ್ ಚಿತ್ರದಲ್ಲಿ ಅಂತಸ್ತು ಆರೇ ಇದ್ದವು! ನಿಜವಾದ ಗೋಪುರಕ್ಕೆ ಏಳು. ಟ್ರೇಸ್ ನನ್ನ ತಪ್ಪನ್ನೂ ಅಚ್ಚುಕಟ್ಟಾಗಿ ನಕಲು ಮಾಡಿತ್ತು.

ಎಲ್ಲಾ ಮುಗಿದ ಮೇಲೆ ಗೆರೆಗಳಿಗೆ ದಪ್ಪ ಕೊಟ್ಟು, `Stroke to Path` ಮಾಡಿ, `Union` ಒತ್ತಿ ಒಂದೇ ಆಕಾರಕ್ಕೆ ತಂದೆ. ಇಲ್ಲೂ ಗೆರೆಗೆ ಎರಡು ಅಂಚು ಇದ್ದೇ ಇವೆ, ಆದರೆ ನಡುವಿನ ದಪ್ಪ ಈಗ ನಾನು ಇಟ್ಟಿದ್ದು. `Outline` ನೋಟದಲ್ಲಿ ಒಂದರ ಮೇಲೊಂದು ಹಾಯುವ ಗೆರೆ ಇಲ್ಲ ಅಂತ ನೋಡಿಕೊಂಡು ಫೈಲ್ ಕಳಿಸಿದೆ. ಸ್ಟಿಕರ್ ಈಗ ಟ್ರ್ಯಾಕ್ಟರ್ ಬಾನೆಟ್ ಮೇಲೈತಿ. ಗೆಳೆಯ ಮಾತ್ರ ಸ್ವಲ್ಪ ಸೊಟ್ಟ ಅಂಟಿಸ್ಯಾನ.